ಆಫೆನ್ಸಿವ್, ಡಿಫೆನ್ಸಿವ್, ಜಿಆರ್‌ಸಿ: ಒಂದೇ ಕಳವು, ಮೂರು ಕೆಲಸ

ಕೊನೆ ವರ್ಷದ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿ ಸೈಬರ್ ಸೆಕ್ಯುರಿಟಿ ಕಡೆ ತಿರುಗಿದ ಕೂಡಲೇ ಈ ಮೂರು ಪದಗಳು ಎದುರಾಗುತ್ತವೆ. ಆಫೆನ್ಸಿವ್ ಅಂದರೆ ಹ್ಯಾಕ್ ಮಾಡಿ ನೋಡುವವರು, ಡಿಫೆನ್ಸಿವ್ ಅಂದರೆ ಕಾವಲು ಕಾಯುವವರು, ಜಿಆರ್‌ಸಿ ಅಂದರೆ ಕಾಗದ ಪತ್ರ ನೋಡುವವರು. ಸೀನಿಯರ್‌ಗಳ ಬಾಯಲ್ಲಿ ಸಿಗುವ ಅರ್ಥ ಇಷ್ಟೇ. ಇಷ್ಟನ್ನೇ ನಂಬಿಕೊಂಡು ದಾರಿ ಆರಿಸಿದರೆ ಹೆಚ್ಚಿನವರು ಮೊದಲನೆಯದಕ್ಕೇ ಕೈ ಹಾಕುತ್ತಾರೆ. ಹಾಗಾಗಿ ನಿಜವಾಗಿ ನಡೆದ ಒಂದು ಕಳವನ್ನು ಎದುರಿಗಿಟ್ಟುಕೊಂಡು ಈ ಪದಗಳ ಅರ್ಥ ನೋಡೋಣ.

ಅಮೆರಿಕದ ಈಕ್ವಿಫ್ಯಾಕ್ಸ್ ಜನರ ಸಾಲದ ಚರಿತ್ರೆ ಇಟ್ಟುಕೊಳ್ಳುವ ಕಂಪನಿ. ನಮ್ಮಲ್ಲಿ ಬ್ಯಾಂಕ್ ಸಾಲ ಕೊಡುವ ಮುಂಚೆ ಸಿಬಿಲ್ ಸ್ಕೋರ್ ನೋಡುತ್ತದಲ್ಲ, ಆ ಥರದ ಮಾಹಿತಿ. 2017ರಲ್ಲಿ ಅಲ್ಲಿಂದ ಸುಮಾರು 14.7 ಕೋಟಿ ಜನರ ವಿವರ ಕಳುವಾಯಿತು. ಕಳ್ಳರು ಒಳಗೆ ಬಂದದ್ದು ಅಪಾಚೆ ಸ್ಟ್ರಟ್ಸ್ ಎಂಬ ಸಾಫ್ಟ್‌ವೇರಿನ ಒಂದು ತೂತಿನಿಂದ. ಆ ತೂತಿನ ಸುದ್ದಿಯೂ ಅದನ್ನು ಮುಚ್ಚುವ ಪ್ಯಾಚ್ ಕೂಡ ಮಾರ್ಚ್ ಮೊದಲ ವಾರದಲ್ಲೇ ಹೊರಬಂದಿದ್ದವು. ಮಾರ್ಚ್ 9ರಂದು ಕಂಪನಿಯೊಳಗೆ 'ಪ್ಯಾಚ್ ಹಾಕಿ' ಅಂತ ನಾನೂರಕ್ಕೂ ಹೆಚ್ಚು ಜನರಿಗೆ ಮೇಲ್ ಹೋಯಿತು. ಕಳವು ಶುರುವಾದದ್ದು ಮೇ ತಿಂಗಳಲ್ಲಿ. ಅದು ಪತ್ತೆಯಾದದ್ದು ಜುಲೈ 29ಕ್ಕೆ.

ಈಗ ಈ ತೂತನ್ನೇ ನೋಡಿ. ಬ್ರೌಸರ್ ಒಂದು ಫೈಲ್ ಕಳಿಸುವಾಗ 'ಇದು ಇಂಥ ಬಗೆಯ ಮಾಹಿತಿ' ಅಂತ ಒಂದು ಹೆಡರ್ ಕಳಿಸುತ್ತದೆ. ಅದರ ಹೆಸರು `Content-Type`. ಆ ಹೆಡರಿನಲ್ಲಿ ಏನಾದರೂ ಅಸಂಬದ್ಧ ಬಂದರೆ ಸ್ಟ್ರಟ್ಸ್ ಒಂದು ಎರರ್ ಸಂದೇಶ ತಯಾರಿಸುತ್ತಿತ್ತು, ಅದರೊಳಗೆ ಆ ಹೆಡರನ್ನೇ ಸೇರಿಸುತ್ತಿತ್ತು. ಹಾಗೆ ಸೇರಿಸುವಾಗ ಅದನ್ನು ಬರೀ ಅಕ್ಷರ ಅಂತ ನೋಡದೆ, ಕೋಡ್ ಅಂತ ತಿಳಿದು ಓಡಿಸಿಬಿಡುತ್ತಿತ್ತು. ಅಂದರೆ ಹೊರಗಿನವನು ಹೆಡರಿನಲ್ಲಿ ಕಮಾಂಡ್ ಬರೆದು ಕಳಿಸಿದರೆ ಸರ್ವರ್ ಅದನ್ನು ಪಾಲಿಸುತ್ತಿತ್ತು. 'ಎರರ್ ತೋರಿಸುವ ಜಾಗದಲ್ಲಿ ಕೋಡ್ ಓಡುತ್ತದೆಯೇ? ಬೇರೆಲ್ಲಿ ಹೀಗಾಗಬಹುದು?' ಅಂತ ಇಲ್ಲಿ ನಿಮ್ಮ ಮನಸ್ಸು ನಿಂತರೆ, ಅದು ಆಫೆನ್ಸಿವ್ ಪ್ರಶ್ನೆ. ಪೆನ್‌ಟೆಸ್ಟರ್, ರೆಡ್ ಟೀಮ್ ಎಂಬ ಕೆಲಸಗಳು ಈ ಗುಂಪಿನವು. ಮಾಲೀಕರ ಲಿಖಿತ ಒಪ್ಪಿಗೆ ಪಡೆದು, ಕೊಟ್ಟ ದಿನಗಳೊಳಗೆ, ಕೊಟ್ಟ ಸರ್ವರುಗಳ ಮೇಲೆ ಮಾತ್ರ ಇಂಥ ತೂತು ಹುಡುಕಬೇಕು. ಆಮೇಲೆ ಡೆವಲಪರ್ ಒಬ್ಬರು ಅದೇ ಹೆಜ್ಜೆ ಹಿಡಿದು ಅದೇ ತೂತು ಕಾಣುವಂತೆ ವರದಿ ಬರೆಯಬೇಕು. ಈ ಬರೆಯುವ ಭಾಗ ಎಷ್ಟು ಸಮಯ ತಿನ್ನುತ್ತದೆ ಅಂತ ಕಾಲೇಜಿನಲ್ಲಿ ಯಾರೂ ಹೇಳುವುದಿಲ್ಲ. ಪೆನ್‌ಟೆಸ್ಟರ್ ಆಗಬಯಸುವವರು ಬರೆಯುವ ಓಎಸ್‌ಸಿಪಿ ಪರೀಕ್ಷೆಯಲ್ಲೂ ಮೆಷಿನ್ ಒಡೆಯಲು ಒಂದು ದಿನ, ವರದಿ ಬರೆಯಲು ಇನ್ನೊಂದು ದಿನ ಕೊಡುತ್ತಾರೆ. ಅದು ಸುಮ್ನೆ ಕೊಟ್ಟದ್ದಲ್ಲ.

ಇನ್ನು ಡಿಫೆನ್ಸಿವ್. ಕಳ್ಳರು ಈಕ್ವಿಫ್ಯಾಕ್ಸ್ ಒಳಗೆ 76 ದಿನ ಇದ್ದರು. ಸುಮಾರು 9,000 ಬಾರಿ ಡೇಟಾಬೇಸುಗಳನ್ನು ಪ್ರಶ್ನಿಸಿದರು. ಯಾರಿಗೂ ಕಾಣಲಿಲ್ಲ. ಹೊರಹೋಗುವ ಟ್ರಾಫಿಕ್ ನೋಡುವ ಉಪಕರಣ ಅಲ್ಲಿ ಇತ್ತು. ಆದರೆ ಎನ್‌ಕ್ರಿಪ್ಟ್ ಆದ ಟ್ರಾಫಿಕ್ ಬಿಚ್ಚಿ ನೋಡಲು ಅದಕ್ಕೆ ಒಂದು ಸರ್ಟಿಫಿಕೇಟ್ ಬೇಕು. ಆ ಸರ್ಟಿಫಿಕೇಟಿನ ಅವಧಿ ತಿಂಗಳುಗಟ್ಟಲೆ ಹಿಂದೆಯೇ ಮುಗಿದುಹೋಗಿತ್ತು. ಉಪಕರಣ ಟ್ರಾಫಿಕ್ ತಡೆಯಲಿಲ್ಲ, ನೋಡದೆ ಬಿಟ್ಟುಕೊಟ್ಟಿತು. ಜುಲೈ 29ಕ್ಕೆ ಹೊಸ ಸರ್ಟಿಫಿಕೇಟ್ ಹಾಕಿದ ಕೂಡಲೇ ಅನುಮಾನದ ಟ್ರಾಫಿಕ್ ಕಣ್ಣಿಗೆ ಬಿತ್ತು. 'ಅಲರ್ಟ್ ಬರಲಿಲ್ಲ ಅಂದರೆ ಎಲ್ಲ ಸರಿ ಇದೆ ಅಂತಲೋ, ಕಣ್ಣು ಮುಚ್ಚಿದೆ ಅಂತಲೋ?' ಇದು ಡಿಫೆನ್ಸಿವ್ ಪ್ರಶ್ನೆ. ಕಂಪನಿಯ ಅಲರ್ಟ್‌ಗಳನ್ನು ಹಗಲು ರಾತ್ರಿ ಕಾಯುವ ವಿಭಾಗಕ್ಕೆ ಸಾಕ್ ಅನ್ನುತ್ತಾರೆ. ಸಾಕ್ ಅನಲಿಸ್ಟ್, ಇನ್ಸಿಡೆಂಟ್ ರೆಸ್ಪಾನ್ಸ್, ಡಿಟೆಕ್ಷನ್ ಎಂಜಿನಿಯರ್ ಎಲ್ಲ ಈ ಕಡೆಯವರು.

ಮೂರನೆಯದು ಜಿಆರ್‌ಸಿ: ಗವರ್ನೆನ್ಸ್, ರಿಸ್ಕ್, ಕಂಪ್ಲಯನ್ಸ್. ನನಗೆ ಈ ಕಳವಿನಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಡುವುದು ಇದೇ ಭಾಗ. ಗಂಭೀರ ತೂತಿಗೆ 48 ಗಂಟೆಯೊಳಗೆ ಪ್ಯಾಚ್ ಹಾಕಬೇಕು ಅಂತ ಈಕ್ವಿಫ್ಯಾಕ್ಸಿನಲ್ಲಿ ನಿಯಮ ಬರೆದಿಟ್ಟಿದ್ದರು. ಆದರೆ ಸ್ಟ್ರಟ್ಸ್ ಯಾವ ಯಾವ ಸರ್ವರಿನಲ್ಲಿದೆ ಅನ್ನುವ ಪೂರ್ತಿ ಪಟ್ಟಿ ಇರಲಿಲ್ಲ. ಮೇಲ್ ಹೋದ ಹೆಸರುಗಳ ಪಟ್ಟಿ ಹಳತಾಗಿತ್ತು, ಪ್ಯಾಚ್ ಹಾಕಬೇಕಾದವರಿಗೇ ಸುದ್ದಿ ತಲುಪಲಿಲ್ಲ. ಸ್ಕ್ಯಾನ್ ಕೂಡ ನಡೆಯಿತು, ತೂತಿದ್ದ ಫೋಲ್ಡರ್ ಮಾತ್ರ ಅದರ ಕಣ್ಣಿಗೆ ಬೀಳಲಿಲ್ಲ. ಇನ್ನೂ ನೋವಿನ ವಿಷಯ ಅಂದರೆ 2015ರಲ್ಲೇ ಕಂಪನಿಯ ಒಳಗಿನ ಆಡಿಟ್ 'ಪ್ಯಾಚ್ ಕೆಲಸ ಹಿಂದುಳಿದಿದೆ, ಪಟ್ಟಿ ಸರಿಯಿಲ್ಲ' ಅಂತ ಬರೆದುಕೊಟ್ಟಿತ್ತು. ಬರೆದದ್ದು ಸರಿಹೋಯಿತೇ ಅಂತ ತಿರುಗಿ ನೋಡುವ ಆಡಿಟ್ ನಡೆಯಲಿಲ್ಲ. 'ನಿಯಮ ಇದೆ ಸರಿ, ನಡೆಯುತ್ತಿದೆ ಅನ್ನುವುದಕ್ಕೆ ಸಾಕ್ಷಿ ಎಲ್ಲಿ? ಇದರ ಹೊಣೆ ಯಾರದು?' ಇದು ಜಿಆರ್‌ಸಿ ಪ್ರಶ್ನೆ. ಇದನ್ನು ಕಾಗದದ ಕೆಲಸ ಅಂತ ತಳ್ಳಿಹಾಕುವವರು ಈ 14.7 ಕೋಟಿ ಜನರನ್ನು ಒಮ್ಮೆ ನೆನಪಿಸಿಕೊಳ್ಳಬೇಕು.

ಓದಿ ತಿಳಿಯುವುದು ಇಲ್ಲಿಯವರೆಗೆ. ನಿಮಗೆ ಯಾವುದು ಒಗ್ಗುತ್ತದೆ ಅಂತ ತಿಳಿಯಲು ಮೂರು ವಾರಾಂತ್ಯ ಸಾಕು, ಹಣ ಬೇಕಿಲ್ಲ. ಓವಾಸ್ಪ್ ಸಂಸ್ಥೆಯ ಜ್ಯೂಸ್ ಶಾಪ್ ಅಂತ ಒಂದು ಅಂಗಡಿ ವೆಬ್‌ಸೈಟ್ ಇದೆ. ಕಲಿಯುವವರಿಗಾಗಿಯೇ ತೂತು ಬಿಟ್ಟು ಕಟ್ಟಿದ್ದಾರೆ. ಲ್ಯಾಪ್‌ಟಾಪಿನಲ್ಲಿ ಡಾಕರ್ ಇದ್ದರೆ ಒಂದೇ ಸಾಲು:

```
docker run --rm -p 127.0.0.1:3000:3000 bkimminich/juice-shop
```

ಬ್ರೌಸರಿನಲ್ಲಿ `http://localhost:3000` ತೆರೆಯಿರಿ. ಇದು ನಿಮ್ಮ ಮೆಷಿನ್ ಒಳಗೇ ಓಡುತ್ತದೆ, ಹೊರಗಿನ ಯಾರಿಗೂ ಕಾಣುವುದಿಲ್ಲ. ಕಾಲೇಜಿನ ಪೋರ್ಟಲ್ ಮೇಲೆ ಮಾತ್ರ ಇಂಥ ಪ್ರಯೋಗ ಮಾಡಬೇಡಿ. ಒಪ್ಪಿಗೆ ಇಲ್ಲದೆ ಒಳಹೊಕ್ಕರೆ ಐಟಿ ಕಾಯ್ದೆಯ 66ನೇ ಸೆಕ್ಷನ್ ಅಡಿ 3 ವರ್ಷದವರೆಗೆ ಜೈಲಾಗಬಹುದು.

ಮೊದಲ ವಾರ ಒಡೆಯಿರಿ. ಲಾಗಿನ್ ಪುಟದಲ್ಲಿ ಇಮೇಲ್ ಜಾಗಕ್ಕೆ ಸುಮ್ನೆ ಯಾವುದೋ ಹೆಸರು ಕೊಟ್ಟರೆ ತಪ್ಪು ಅನ್ನುತ್ತದೆ. ಒಂದೇ ಒಂದು `'` ಚಿಹ್ನೆ ಹಾಕಿದರೆ ಸರ್ವರ್ ಎಡವಿ ಬೀಳುತ್ತದೆ. ಅಂದರೆ ನೀವು ಬರೆದದ್ದು ನೇರವಾಗಿ ಎಸ್‌ಕ್ಯೂಎಲ್ ಒಳಗೆ ಹೋಗುತ್ತಿದೆ. ಈಗ `' or 1=1--` ಹಾಕಿ, ಪಾಸ್‌ವರ್ಡಿಗೆ ಬಾಯಿಗೆ ಬಂದದ್ದು ಕೊಡಿ. ಅಡ್ಮಿನ್ ಆಗಿ ಒಳಗೆ ಹೋಗುತ್ತೀರಿ. ಯಾಕೆ ಅಡ್ಮಿನ್ನೇ? ಯಾಕೆಂದರೆ 1=1 ಎಲ್ಲರಿಗೂ ನಿಜ, ಪಟ್ಟಿಯಲ್ಲಿ ಮೊದಲು ಸಿಗುವ ಹೆಸರು ಅವನದು. ಆಮೇಲೆ ಒಂದು ಪುಟದ ವರದಿ ಬರೆಯಿರಿ: ಏನು ಮಾಡಿದೆ, ಏನಾಯಿತು, ಕೋಡಿನಲ್ಲಿ ಹೇಗೆ ಸರಿಮಾಡಬೇಕು.

ಎರಡನೇ ವಾರ ಅದೇ ದಾಳಿಯನ್ನು ಕಾವಲುಗಾರರ ಕುರ್ಚಿಯಿಂದ ನೋಡಿ. ವೆಬ್ ಸರ್ವರಿನ ಆಕ್ಸೆಸ್ ಲಾಗಿನಲ್ಲಿ ನಿಮ್ಮ ಇಡೀ ದಾಳಿ ಕಾಣುವುದು ಇಷ್ಟೇ, ಸಮಯ ಮತ್ತು ಐಪಿ ವಿಳಾಸದ ಜೊತೆ:

```
"POST /rest/user/login HTTP/1.1" 401
"POST /rest/user/login HTTP/1.1" 500
"POST /rest/user/login HTTP/1.1" 200
```

ಗಮನಿಸಿ, ನೀವು ಟೈಪ್ ಮಾಡಿದ `' or 1=1--` ಇಲ್ಲಿ ಎಲ್ಲೂ ಇಲ್ಲ. ಫಾರ್ಮಿನಲ್ಲಿ ಕಳಿಸಿದ್ದನ್ನು ಈ ಲಾಗ್ ಬರೆದುಕೊಳ್ಳುವುದಿಲ್ಲ. ಸುಳಿವು ಇರುವುದು ಮೂರು ಸಂಖ್ಯೆಗಳಲ್ಲಿ. 401 ಅಂದರೆ ಪಾಸ್‌ವರ್ಡ್ ತಪ್ಪು, ಅದು ದಿನಾ ನೂರಾರು ಬರುತ್ತದೆ. ಆದರೆ ಪಾಸ್‌ವರ್ಡ್ ಮರೆತ ಗ್ರಾಹಕ 500 ತರಿಸುವುದಿಲ್ಲ. ಅದು ಸರ್ವರ್ ಎಡವಿದ ಗುರುತು. 200 ಅಂದರೆ ಲಾಗಿನ್ ಆಯಿತು. ಒಂದೇ ಐಪಿಯಿಂದ 500 ಬಂದು ಕೆಲವೇ ನಿಮಿಷದಲ್ಲಿ 200 ಬಂದರೆ ಎದ್ದು ಕೂರಬೇಕು. ಈಗ ಇದಕ್ಕೊಂದು ನಿಯಮ ಬರೆಯಿರಿ, ಸರಿಯಾದ ಲಾಗಿನ್‌ಗಳ ನಡುವೆ ಅದು ಎಷ್ಟು ಸಲ ಸುಳ್ಳು ಗಂಟೆ ಬಾರಿಸುತ್ತದೆ ನೋಡಿ. ಸಾಕ್ ಕೆಲಸದ ಮೊದಲ ವರ್ಷದ ಬಹುಭಾಗ ಇದೇ: ಗಂಟೆ ನಿಜವೋ ಸುಳ್ಳೋ ಅಂತ ತೀರ್ಮಾನಿಸಿ, ಯಾಕೆ ಅಂತ ಟಿಕೆಟಿನಲ್ಲಿ ಎರಡು ಸಾಲು ಬರೆಯುವುದು. ರಾತ್ರಿ ಪಾಳಿಯೂ ಇರುತ್ತದೆ. ಬೆಳಗಿನ ಜಾವ 3ಕ್ಕೆ ನಲವತ್ತನೇ ಟಿಕೆಟ್ ತೆರೆದಾಗಲೂ ಈ 500 ಕಣ್ಣಿಗೆ ಬೀಳಬೇಕು.

ಮೂರನೇ ವಾರ ಟರ್ಮಿನಲ್ ಮುಚ್ಚಿ, ಒಂದು ಹಾಳೆ ತೆಗೆದುಕೊಳ್ಳಿ. ಈ ಜ್ಯೂಸ್ ಅಂಗಡಿ ಬೆಂಗಳೂರಿನ ನಿಜವಾದ ಕಂಪನಿ ಅಂದುಕೊಳ್ಳಿ. ಭಾರತದಲ್ಲಿ ಸೈಬರ್ ದಾಳಿಗಳನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಕೊಟ್ಟ ಆದೇಶದ ಪ್ರಕಾರ ಲಾಗುಗಳನ್ನು 180 ದಿನ ಇಟ್ಟುಕೊಳ್ಳಬೇಕು, ಇಂಥ ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ಆ ಸಂಸ್ಥೆಗೆ ವರದಿ ಮಾಡಬೇಕು. ಈಗ ಮೇಲಿನ ಡಾಕರ್ ಸಾಲನ್ನು ಇನ್ನೊಮ್ಮೆ ಓದಿ. ಅದರಲ್ಲಿ `--rm` ಇದೆ. ಅಂಗಡಿ ನಿಲ್ಲಿಸಿದ ಕ್ಷಣ ಕಂಟೇನರ್ ಅಳಿಸಿಹೋಗುತ್ತದೆ, ಒಳಗಿದ್ದ ಲಾಗ್ ಕೂಡ ಹೋಗುತ್ತದೆ. 180 ದಿನದ ಮಾತು ಹಾಗಿರಲಿ, ಅಂಗಡಿ ಒಮ್ಮೆ ನಿಂತರೆ ಅದು ಉಳಿಯುವುದಿಲ್ಲ. ಇದನ್ನು ನೀವೇ ಕಂಡುಹಿಡಿದಿದ್ದರೆ ಖುಷಿಯಾಗುತ್ತಿತ್ತು ಅಲ್ವಾ? ಹಾಗಾದರೆ ಮುಂದೆ ಬರೆಯಿರಿ: ಲಾಗ್ ಎಲ್ಲಿಗೆ ಹೋಗಬೇಕು, ಯಾರ ಹೊಣೆ, 6 ಗಂಟೆಯ ಗಡಿಯಾರ ಯಾವ ಘಳಿಗೆಯಿಂದ ಶುರು, ರಾತ್ರಿ 2ಕ್ಕೆ ಫೋನ್ ಎತ್ತುವವರು ಯಾರು, ಇದೆಲ್ಲ ನಡೆಯುತ್ತಿದೆ ಅನ್ನುವುದಕ್ಕೆ ಆರು ತಿಂಗಳ ಮೇಲೆ ಯಾವ ಸಾಕ್ಷಿ ಕೇಳುತ್ತೀರಿ. 'ಹೌದು ಸರ್, ಇಡುತ್ತೇವೆ' ಅನ್ನುವ ಮಾತು ಸಾಕ್ಷಿಯಲ್ಲ. ನಾಲ್ಕು ತಿಂಗಳ ಹಿಂದಿನ ಒಂದು ದಿನ ನೀವೇ ಆರಿಸಿ, ಆ ದಿನದ ಲಾಗ್ ತೆಗೆದು ತೋರಿಸಿ ಅನ್ನುವುದು ಸಾಕ್ಷಿ. ಕೇಳುವಾಗ ಎದುರಿನವರಿಗೆ ಬೇಸರವಾಗುತ್ತದೆ. ಬೇಸರವಾದರೂ ನಗುತ್ತಲೇ ಮತ್ತೆ ಕೇಳುವ ಸ್ವಭಾವ ಈ ಕೆಲಸಕ್ಕೆ ಬೇಕು.

ಕೆಲಸ ಸಿಗುವ ಮಾತಿಗೆ ಬಂದರೆ, ಹೊಸಬರಿಗೆ ಸಾಕ್‌ನ ಮೊದಲ ಹಂತದ, ಅಂದರೆ ಎಲ್ 1 ಹುದ್ದೆಗಳೇ ಹೆಚ್ಚು ತೆರೆದಿರುತ್ತವೆ. ಆಡಿಟ್ ಮತ್ತು ಕನ್ಸಲ್ಟಿಂಗ್ ಕಂಪನಿಗಳು ಜಿಆರ್‌ಸಿಗೆ ಹೊಸಬರನ್ನು ತೆಗೆದುಕೊಳ್ಳುತ್ತವೆ. ಅಲ್ಲಿ ಸ್ಪಷ್ಟವಾಗಿ ಬರೆಯುವವರಿಗೆ ಬೆಲೆ ಜಾಸ್ತಿ. ಶುದ್ಧ ಆಫೆನ್ಸಿವ್ ಹುದ್ದೆ ಮೊದಲ ದಿನವೇ ಸಿಗುವುದು ಕಷ್ಟ. ಅದೇ ಬೇಕು ಅನ್ನುವವರು ಸಾಕ್‌ನಲ್ಲಿ ಎರಡು ವರ್ಷ ಲಾಗ್ ನೋಡಿ ಆ ಕಡೆ ಹೋಗಲಿ, ನಷ್ಟವೇನಿಲ್ಲ. ತಾನು ಮಾಡುವ ದಾಳಿ ಲಾಗಿನಲ್ಲಿ ಹೇಗೆ ಕಾಣುತ್ತದೆ ಅಂತ ಬಲ್ಲ ಪೆನ್‌ಟೆಸ್ಟರ್ ಬರೆಯುವ ವರದಿ ಬೇರೆಯೇ ಇರುತ್ತದೆ.

ರೆಸ್ಯೂಮೆಯಲ್ಲಿ ಕೋರ್ಸುಗಳ ಸರ್ಟಿಫಿಕೇಟ್ ಸಾಲಿನ ಬದಲು ಈ ಮೂರು ವಾರದಲ್ಲಿ ಬರೆದ ಪುಟಗಳಲ್ಲಿ ಒಂದನ್ನು ಇಡಿ. ಇಂಟರ್‌ವ್ಯೂನಲ್ಲಿ ಅದರ ಮೇಲೇ ಪ್ರಶ್ನೆ ಬರುತ್ತದೆ. ಮೂರರಲ್ಲಿ ಯಾವ ಪುಟದ ಮೇಲೆ ಅರ್ಧ ಗಂಟೆ ತಡವರಿಸದೆ ಮಾತಾಡಬಲ್ಲಿರೋ ಆ ಪುಟವನ್ನೇ ಇಡಿ.