ದೋಷ: ‘ಮಾರಿದ ಸರಕು ವಾಪಸ್ಸಿಲ್ಲ’ ಎಂಬ ಸಾಲಿಗೆ ಕಾನೂನಿನ ಉತ್ತರ

ಉಡುಪಿಯ ಸಂತೆಕಟ್ಟೆಯಲ್ಲಿರುವ ನನ್ನ ಅತ್ತಿಗೆ ಆನ್‌ಲೈನಿನಲ್ಲಿ 6,800 ರೂಪಾಯಿಯ ಗ್ರೈಂಡರ್ ತರಿಸಿದ್ದರು. ಹೊಸ ಕಲ್ಲಿನ ಪುಡಿ ಹೋಗಲೆಂದು ಕೈಪಿಡಿಯಲ್ಲಿ ಹೇಳಿದಂತೆ ಮೂರು ಸಲ ಒಂದೊಂದು ಹಿಡಿ ಅಕ್ಕಿ ಅರೆದು ಚೆಲ್ಲಿದರು. ನಾಲ್ಕನೆಯ ಸಲ ನೀರುದೋಸೆಗೆ ನೆನೆಸಿದ ಬೆಳ್ತಿಗೆ ಅಕ್ಕಿ ಹಾಕಿದರು. ಹತ್ತು ನಿಮಿಷದಲ್ಲಿ ಬಿಳಿ ಹಿಟ್ಟಿನ ನಡುವೆ, ಕಲ್ಲು ತಿರುಗುವ ದಂಡದ ಬುಡದ ಸುತ್ತ, ನಾಣ್ಯದಷ್ಟು ಅಗಲದ ಕಪ್ಪು ಉಂಗುರ ಮೂಡಿತು.

ಅದು ಕಲ್ಲಿನ ಪುಡಿಯೇ ಇರಬಹುದು ಎಂದು ನಾನು ಮೊದಲು ಹೇಳಿದೆ. ಅತ್ತಿಗೆ ಒಪ್ಪಲಿಲ್ಲ. ಕಲ್ಲಿನ ಪುಡಿ ಬೂದು ಬಣ್ಣದ್ದು, ಬೆರಳಿಗೆ ತರಿತರಿಯಾಗಿ ಸಿಗುತ್ತದೆ, ಬರೀ ನೀರಿಗೆ ಹೋಗುತ್ತದೆ. ಇದು ಬೆರಳ ನಡುವೆ ಜಾರುತ್ತಿತ್ತು, ಸೋಪು ಹಾಕದೆ ಹೋಗಲಿಲ್ಲ, ಯಂತ್ರದ ಎಣ್ಣೆಯ ವಾಸನೆ ಇತ್ತು. ಒಳಗಿನ ಗ್ರೀಸ್ ಮೇಲೆ ಬರದಂತೆ ತಡೆಯಬೇಕಾದದ್ದು ತಡೆಯುತ್ತಿರಲಿಲ್ಲ.

ಅವರು ಮಾರಾಟಗಾರರಿಗೆ ಫೋನ್ ಮಾಡಿ, “ಇದನ್ನು ವಾಪಸ್ ತೆಗೆದುಕೊಳ್ಳಿ” ಎಂದರು.

“ಮೇಡಂ, ನಮ್ಮಲ್ಲಿ ವಾಪಸ್ ಇಲ್ಲ. ವೆಬ್‌ಸೈಟಿನಲ್ಲೇ ಬರೆದಿದೆ, ಬಿಲ್ಲಿನಲ್ಲೂ ಇದೆ. ನೋಡಿಯೇ ಹಣ ಕಟ್ಟಿದ್ದೀರಿ ಅಲ್ಲವೇ?”

ಬಿಲ್ಲಿನ ಅಡಿಯಲ್ಲಿ ಆ ಸಾಲು ನಿಜವಾಗಿಯೂ ಇತ್ತು: ಒಮ್ಮೆ ಮಾರಿದ ಸರಕನ್ನು ಹಿಂದಕ್ಕೆ ಪಡೆಯುವುದಿಲ್ಲ, ಬದಲಾಯಿಸುವುದಿಲ್ಲ. ಅತ್ತಿಗೆ ಫೋನ್ ಇಟ್ಟುಬಿಟ್ಟರು. ಹೆಚ್ಚಿನವರು ಸೋಲುವುದು ಇಲ್ಲಿಯೇ. ನನ್ನ ಅನುಭವದಲ್ಲಿ ಇದಕ್ಕೆ ಕಾರಣ ಆಡಿದ ಪದ. ‘ವಾಪಸ್’ ಎಂದು ಕೇಳಿದರೆ ಅದಕ್ಕೆ ಉತ್ತರ ಬಿಲ್ಲಿನಲ್ಲೇ ಅಚ್ಚಾಗಿದೆ. ಕೇಳಬೇಕಾದ ಪದ ‘ದೋಷ’.

ನಮ್ಮ ಕಡೆ ದೋಷ ಎಂದರೆ ಸರ್ಪದೋಷವೋ ಜಾತಕದ ದೋಷವೋ ನೆನಪಾಗುತ್ತದೆ. ಯಾರಿಂದಲೋ ಎಂದೋ ಆದ ತಪ್ಪಿನ ನೆರಳು ಆ ಮಾತಿನಲ್ಲಿದೆ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರಲ್ಲಿ ಅದೇ ಪದಕ್ಕೆ ಬೇರೆ ಅಳತೆ. ಎರಡನೆಯ ಸೆಕ್ಷನ್ನಿನ ಹತ್ತನೆಯ ಉಪವಿಧಿ ಹೇಳುವುದರ ಸಾರ ಇಷ್ಟು: ಕಾನೂನಿನ ಪ್ರಕಾರವೋ, ಒಪ್ಪಂದದ ಪ್ರಕಾರವೋ, ವ್ಯಾಪಾರಿ ತಾನೇ ಹೇಳಿಕೊಂಡ ಪ್ರಕಾರವೋ ಸರಕಿನಲ್ಲಿ ಇರಬೇಕಾದ ಗುಣಮಟ್ಟ, ಪ್ರಮಾಣ, ಸತ್ವ, ಶುದ್ಧತೆಗಳಲ್ಲಿ ಯಾವ ಕುಂದುಕೊರತೆ ಇದ್ದರೂ ಅದು ದೋಷ. ಒಪ್ಪಂದ ಬಾಯಲ್ಲಿ ಆಡಿದ್ದೇ ಆಗಬೇಕಿಲ್ಲ, ಆಡದೆಯೂ ಒಳಗೊಂಡದ್ದಾಗಿರಬಹುದು. ಗ್ರೈಂಡರಿನಲ್ಲಿ ಅರೆದ ಹಿಟ್ಟಿಗೆ ಗ್ರೀಸ್ ಸೇರಬಾರದು ಎಂದು ಯಾರೂ ಬರೆದುಕೊಡುವುದಿಲ್ಲ. ಆದರೂ ಆ ಮಾತು ಮಾರಾಟದೊಳಗೇ ಇದೆ. ಯಾರ ತಪ್ಪಿನಿಂದ ಹಾಗಾಯಿತು ಎಂದು ಈ ವ್ಯಾಖ್ಯೆ ಕೇಳುವುದೇ ಇಲ್ಲ. ಇರಬೇಕಾದದ್ದು ಇದೆಯೋ ಇಲ್ಲವೋ ಎಂಬುದಷ್ಟೇ ಪ್ರಶ್ನೆ.

ಇದರ ಎಲ್ಲೆಯನ್ನೂ ಹೇಳಬೇಕು. ರಥಬೀದಿಯ ಅಂಗಡಿಯಲ್ಲಿ ಸೀರೆ ಕೊಂಡು, ಮನೆಗೆ ಬಂದ ಮೇಲೆ ಬಣ್ಣ ಹಿಡಿಸಲಿಲ್ಲ ಎಂದು ಮರಳಿಸಲು ಹೋದರೆ, ಅದನ್ನು ತೆಗೆದುಕೊಳ್ಳಲೇಬೇಕೆಂದು ಈ ಕಾಯ್ದೆ ಅಂಗಡಿಯವರಿಗೆ ಹೇಳುವುದಿಲ್ಲ. ಬದಲಾಯಿಸಿ ಕೊಟ್ಟರೆ ಅದು ಅವರ ಸೌಜನ್ಯ. ‘ವಾಪಸ್ಸಿಲ್ಲ’ ಎಂಬ ಸಾಲಿಗೆ ಅಲ್ಲಿ ಬೆಲೆಯಿದೆ, ಇರಲೂ ಬೇಕು. ಎರಡು ದಿನ ಉಟ್ಟು ತಂದ ಸೀರೆಯನ್ನು ಮರಳಿ ಪಡೆದು ಸಣ್ಣ ವ್ಯಾಪಾರಿ ಬದುಕುವುದಾದರೂ ಹೇಗೆ? ಅದೇ ಸೀರೆ ರೇಷ್ಮೆ ಎಂದು ಮಾರಿದ್ದಾಗಿದ್ದು ರೇಷ್ಮೆಯೇ ಅಲ್ಲದಿದ್ದರೆ, ಮಡಿಕೆಯೊಳಗೆ ಹರಿದಿದ್ದರೆ, ಮಾತು ಬೇರೆ. ಮನಸ್ಸು ಬದಲಾದದ್ದಕ್ಕೆ ಆ ಸಾಲು ಅಡ್ಡ ನಿಲ್ಲಬಹುದು, ದೋಷಕ್ಕೆ ನಿಲ್ಲಲಾರದು.

ಏಕೆ ನಿಲ್ಲಲಾರದು ಎಂಬುದಕ್ಕೆ ಅದೇ ಸೆಕ್ಷನ್ನಿನ ನಲವತ್ತೇಳನೆಯ ಉಪವಿಧಿಯನ್ನು ನೋಡಬೇಕು. ಅನುಚಿತ ವ್ಯಾಪಾರ ಪದ್ಧತಿಗಳು ಯಾವುವು ಎಂದು ಅದು ಎಣಿಸುತ್ತದೆ. ದೋಷವಿರುವ ಸರಕನ್ನು ಮಾರಿದ ಮೇಲೆ ಹಿಂದಕ್ಕೆ ಪಡೆಯಲು, ಹಣ ಮರಳಿಸಲು ನಿರಾಕರಿಸುವುದೂ ಆ ಪಟ್ಟಿಯಲ್ಲಿದೆ. ಬಿಲ್ಲಿನಲ್ಲಿ ಅವಧಿ ಸೂಚಿಸಿದ್ದರೆ ಅಷ್ಟರೊಳಗೆ, ಸೂಚಿಸದಿದ್ದರೆ 30 ದಿನಗಳೊಳಗೆ ಹಿಂದಕ್ಕೆ ಪಡೆಯಬೇಕು. ಹಾಗಾಗಿ ಏಳು ದಿನ ಎಂದು ಬರೆದಿದ್ದರೆ ಏಳು ದಿನ ಮೀರುವ ಮೊದಲೇ ಬರವಣಿಗೆಯಲ್ಲಿ ತಿಳಿಸುವುದು ಕ್ಷೇಮ. ‘ಹಿಂದಕ್ಕೆ ಪಡೆಯುವುದೇ ಇಲ್ಲ’ ಎಂದು ಬರೆದಿದ್ದರೆ? ಅದು ಅವಧಿಯನ್ನು ಸೂಚಿಸಿದಂತಲ್ಲ, ಕಾಯ್ದೆ ಬೇಡವೆಂದ ನಿರಾಕರಣೆಯನ್ನೇ ಮೊದಲೇ ಅಚ್ಚುಹಾಕಿಸಿದಂತೆ. ನನ್ನ ಓದಿನಲ್ಲಿ ಅಂಥ ಬಿಲ್ಲಿಗೆ 30 ದಿನದ ಲೆಕ್ಕವೇ ಅನ್ವಯಿಸಬೇಕು.

ಆನ್‌ಲೈನ್ ಖರೀದಿಗೆ ಇನ್ನೂ ಒಂದು ಆಸರೆಯಿದೆ. ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳು, 2020ರ ಪ್ರಕಾರ ಸರಕು ದೋಷವುಳ್ಳದ್ದಾಗಿದ್ದರೆ, ನಕಲಿಯಾಗಿದ್ದರೆ ಅಥವಾ ಜಾಹೀರಾತಿನಲ್ಲಿ ಹೇಳಿದಂತೆ ಇಲ್ಲದಿದ್ದರೆ ಮಾರಾಟಗಾರ ಅದನ್ನು ಹಿಂದಕ್ಕೆ ಪಡೆಯಲು, ಹಣ ಮರಳಿಸಲು ನಿರಾಕರಿಸುವಂತಿಲ್ಲ. ಪ್ರತಿ ಇ-ಕಾಮರ್ಸ್ ಸಂಸ್ಥೆಯೂ ಒಬ್ಬ ಕುಂದುಕೊರತೆ ಅಧಿಕಾರಿಯನ್ನು ನೇಮಿಸಿ, ಅವರ ಹೆಸರನ್ನೂ ಸಂಪರ್ಕವನ್ನೂ ಜಾಲತಾಣದಲ್ಲಿ ಹಾಕಬೇಕು. ದೂರು ತಲುಪಿದೆ ಎಂದು ಆ ಅಧಿಕಾರಿ 48 ಗಂಟೆಗಳೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಫೋನಿನಲ್ಲಿ ಮಾತಾಡುವವರ ಜೊತೆ ವಾದಿಸುವುದಕ್ಕಿಂತ ಈ ಅಧಿಕಾರಿಗೆ ಬರೆಯುವುದು ಲೇಸು, ಏಕೆಂದರೆ ದಿನಾಂಕದ ಗುರುತು ಅಲ್ಲಿ ಉಳಿಯುತ್ತದೆ.

ಬರೆಯುವ ಮೊದಲು ಅತ್ತಿಗೆ ಒಂದು ವಿಡಿಯೊ ಮಾಡಿದರು. ಎಲ್ಲೂ ನಿಲ್ಲಿಸದೆ, ಒಂದೇ ಓಟದಲ್ಲಿ: ಮೊದಲು ಬಿಲ್ಲು, ನಂತರ ಯಂತ್ರದ ಅಡಿಯ ಚೀಟಿಯಲ್ಲಿರುವ ಕ್ರಮಸಂಖ್ಯೆ, ತೊಳೆದು ಒರೆಸಿದ ಖಾಲಿ ಪಾತ್ರೆ, ಅದಕ್ಕೆ ಅಕ್ಕಿ ಹಾಕಿದ್ದು, ತಿರುಗಿದ್ದು, ಕಪ್ಪು ಉಂಗುರ ಮೂಡಿದ್ದು. ಕ್ರಮಸಂಖ್ಯೆ ಕಾಣದ ವಿಡಿಯೊಗೆ “ಇದು ನಮ್ಮ ಯಂತ್ರವೇ ಅಲ್ಲ” ಎನ್ನಲು ಬರುತ್ತದೆ. ಖಾಲಿ ಪಾತ್ರೆ ತೋರಿಸದಿದ್ದರೆ “ನೀವೇ ಏನೋ ಹಾಕಿದ್ದೀರಿ” ಎನ್ನಲು ಬರುತ್ತದೆ. ಆಮೇಲೆ ನಾವಿಬ್ಬರೂ ಕುಳಿತು ಈ ಮಿಂಚಂಚೆ ಬರೆದೆವು:

“ನಿಮ್ಮಿಂದ ಕೊಂಡ ಗ್ರೈಂಡರ್ ನನಗೆ ತಲುಪಿ ಐದು ದಿನವಾಗಿದೆ. ಅರೆಯುವಾಗ ದಂಡದ ಬುಡದಿಂದ ಗ್ರೀಸ್ ಸೋರಿ ಹಿಟ್ಟಿಗೆ ಸೇರುತ್ತಿದೆ. ವಿಡಿಯೊ, ಬಿಲ್ಲು ಲಗತ್ತಿಸಿದ್ದೇನೆ. ಇದು ಗ್ರಾಹಕ ಸಂರಕ್ಷಣಾ ಕಾಯ್ದೆಯ ಸೆಕ್ಷನ್ 2(10)ರ ಅರ್ಥದಲ್ಲಿ ದೋಷ. ಮನಸ್ಸು ಬದಲಾಗಿ ಮರಳಿಸುತ್ತಿರುವುದಲ್ಲ. ದೋಷವಿರುವ ಸರಕನ್ನು ಹಿಂದಕ್ಕೆ ಪಡೆಯಲು ನಿರಾಕರಿಸುವುದು ಸೆಕ್ಷನ್ 2(47)ರ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಯಂತ್ರವನ್ನು ನಿಮ್ಮ ಖರ್ಚಿನಲ್ಲಿ ಹಿಂದಕ್ಕೆ ಪಡೆದು 6,800 ರೂಪಾಯಿಯನ್ನು 15 ದಿನಗಳೊಳಗೆ ಮರಳಿಸಬೇಕು.”

ಕೋಪದ ಒಂದು ಮಾತೂ ಅದರಲ್ಲಿ ಇರಲಿಲ್ಲ. ಬರೆಯುವಾಗ ಅತ್ತಿಗೆಗೆ ಸಿಟ್ಟು ಸಾಕಷ್ಟಿತ್ತು, ಆದರೆ ಮುಂದೊಂದು ದಿನ ಗ್ರಾಹಕ ಆಯೋಗದ ಮುಂದೆ ಇದೇ ಪತ್ರವನ್ನು ಇಡಬೇಕಾಗಬಹುದು.

ಮರುದಿನ ಬಂದ ಉತ್ತರದಲ್ಲಿ ‘ವಾಪಸ್ಸಿಲ್ಲ’ ಎಂಬ ಮಾತು ಮಾಯವಾಗಿತ್ತು. ಅದರ ಬದಲು “ಒಂದು ವರ್ಷದ ವಾರಂಟಿ ಇದೆ, ಸರ್ವಿಸ್ ಸೆಂಟರಿಗೆ ಒಯ್ಯಿರಿ” ಎಂದಿತ್ತು. ಇದು ಎರಡನೆಯ ತಿರುವು, ಇಲ್ಲಿಯೂ ಎಚ್ಚರ ಬೇಕು. ವಾರಂಟಿ ಎನ್ನುವುದು ತಯಾರಕರು ಮೇಲಿಂದ ಕೊಡುವ ಭರವಸೆ. ಹಣ ಪಡೆದ ಮಾರಾಟಗಾರನ ಹೊಣೆಯನ್ನು ಅದು ಅಳಿಸಿಹಾಕುವುದಿಲ್ಲ. ದುರಸ್ತಿಗೆ ಒಪ್ಪುವುದು ತಪ್ಪೇನಲ್ಲ. ವರ್ಷ ಬಳಸಿದ ಯಂತ್ರವಾಗಿದ್ದರೆ ನಾನೇ ಒಪ್ಪಲು ಹೇಳುತ್ತಿದ್ದೆ. ಆದರೆ ಒಪ್ಪಿ, ದೋಷ ಸರಿಯಾಗಿಬಿಟ್ಟರೆ ಹಣ ಕೇಳಲು ಬಲವಾದ ಕಾರಣ ಉಳಿಯುವುದಿಲ್ಲ. ಬಂದ ದಿನವೇ ಕೆಟ್ಟದ್ದಕ್ಕೆ ದುರಸ್ತಿ ಬೇಡ ಎಂದು ಅತ್ತಿಗೆ ಬರೆದರು. ಜೊತೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆಮಾಡಿ ದೂರು ದಾಖಲಿಸಿದರು. ಈ ಸಹಾಯವಾಣಿ ನ್ಯಾಯಾಲಯವಲ್ಲ, ಆದೇಶ ಕೊಡುವ ಅಧಿಕಾರ ಅದಕ್ಕಿಲ್ಲ. ದೂರನ್ನು ಕಂಪನಿಯ ಮುಂದಿಟ್ಟು ಉತ್ತರ ಕೇಳುತ್ತದೆ. ಅಷ್ಟೇ ಸಾಕಾಯಿತು. ಒಂಬತ್ತನೆಯ ದಿನ ಕೊರಿಯರಿನವರು ಬಂದು ಯಂತ್ರ ಒಯ್ದರು. ಆ ವಾರವೇ 6,450 ರೂಪಾಯಿ ಬಂತು. 350 ರೂಪಾಯಿಯನ್ನು ಸಾಗಣೆಯ ಖರ್ಚೆಂದು ಹಿಡಿದುಕೊಂಡಿದ್ದರು. ದೋಷ ಸರಕಿನದು, ಸಾಗಣೆಯ ಹೊರೆ ನನ್ನ ಮೇಲೇಕೆ ಎಂದು ಎರಡೇ ಸಾಲು ಬರೆದ ಮೇಲೆ ಅದೂ ಬಂತು.

ಬರದೇ ಇದ್ದಿದ್ದರೆ ಮುಂದಿನ ಮೆಟ್ಟಿಲು ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗ. ಉಡುಪಿಗೂ ಮಂಗಳೂರಿಗೂ ಬೇರೆ ಬೇರೆ ಆಯೋಗಗಳಿವೆ. ಮಾರಾಟಗಾರರು ಬೇರೆ ರಾಜ್ಯದವರು, ಅಲ್ಲಿಗೆ ಅಲೆಯಬೇಕಲ್ಲ ಎಂಬ ಭಯ ಅತ್ತಿಗೆಗಿತ್ತು. ಹಳೆಯ 1986ರ ಕಾಯ್ದೆಯಲ್ಲಿ ಆ ಭಯಕ್ಕೆ ಆಧಾರವಿತ್ತು. 2019ರ ಕಾಯ್ದೆ ದೂರುದಾರರು ವಾಸಿಸುವ ಊರಿನ ಆಯೋಗದಲ್ಲೇ ದೂರು ಕೊಡಲು ಅವಕಾಶ ಮಾಡಿತು. ನನ್ನ ಮಟ್ಟಿಗೆ ಈ ಕಾಯ್ದೆಯಲ್ಲಿ ಸಾಮಾನ್ಯರಿಗೆ ದಕ್ಕಿದ ಅತಿ ದೊಡ್ಡ ಅನುಕೂಲ ಇದೇ. ಐದು ಲಕ್ಷ ರೂಪಾಯಿಯವರೆಗೆ ಕೊಟ್ಟು ಕೊಂಡದ್ದಕ್ಕೆ ಶುಲ್ಕವಿಲ್ಲ, ವಕೀಲರು ಇರಲೇಬೇಕೆಂದಿಲ್ಲ, ದೂರಿಗೆ ಎರಡು ವರ್ಷದ ಕಾಲಾವಕಾಶವಿದೆ. ಹಾಗಾಗಿ 30 ದಿನ ದಾಟಿತೆಂದು ದೋಷದ ದೂರು ಸತ್ತುಹೋಗುವುದಿಲ್ಲ. ಆದರೆ ಆಯೋಗ ಹಣವನ್ನೇ ಕೊಡಿಸುತ್ತದೆ ಎಂದು ಎಣಿಸಬಾರದು. ದೋಷ ನಿವಾರಿಸು, ಬದಲಿ ಕೊಡು, ಹಣ ಮರಳಿಸು, ಇವುಗಳಲ್ಲಿ ತಕ್ಕದ್ದೆನಿಸಿದ ಆದೇಶವನ್ನು ಅದು ಕೊಡಬಹುದು. ಮತ್ತೂ ಒಂದು ಮಾತು: ಹೋಟೆಲಿನ ವ್ಯಾಪಾರಕ್ಕೆಂದು ಕೊಂಡ ಗ್ರೈಂಡರಿಗೆ ಈ ದಾರಿ ಸಾಮಾನ್ಯವಾಗಿ ಇಲ್ಲ. ಮನೆಯಲ್ಲೇ ತಾನೇ ಹಿಟ್ಟು ಅರೆದು ಮಾರಿ ಹೊಟ್ಟೆ ಹೊರೆಯುವ ಹೆಂಗಸಿಗೆ ಇದೆ. ಸ್ವಂತ ದುಡಿಮೆಯ ಜೀವನೋಪಾಯಕ್ಕಾಗಿ ಕೊಂಡವರನ್ನು ಕಾಯ್ದೆ ಗ್ರಾಹಕರೆಂದೇ ಎಣಿಸುತ್ತದೆ.

ಪರೀಕ್ಷಿಸದೆ ದೋಷ ತಿಳಿಯುವಂತಿಲ್ಲ ಎನಿಸಿದರೆ ಆಯೋಗ ಸರಕನ್ನು ಪ್ರಯೋಗಾಲಯಕ್ಕೆ ಕಳುಹಿಸಬಹುದು. ಅದಕ್ಕೇ, ಕೊರಿಯರಿನವರು ಬರುವವರೆಗೆ ಅತ್ತಿಗೆ ಆ ಯಂತ್ರವನ್ನು ಬಿಚ್ಚಲೂ ಇಲ್ಲ, ಪಕ್ಕದ ಮೆಕ್ಯಾನಿಕ್ಕಿಗೆ ತೋರಿಸಲೂ ಇಲ್ಲ. ದಂಡದ ಬುಡದ ಗ್ರೀಸನ್ನು ಒರೆಸದೆ, ಬಂದ ರಟ್ಟಿನ ಪೆಟ್ಟಿಗೆಯಲ್ಲೇ ಹಾಗೆಯೇ ಇಟ್ಟಿದ್ದರು.