‘ಸಂಖ್ಯಾಶಾಸ್ತ್ರ ದುರ್ಬಲವಾಗಿದೆ’ ಎಂದರೆ ಲೇಖಕರು ಮಾಡಬೇಕಾದ್ದೇನು?

ಸಂಶೋಧನಾ ಪತ್ರಿಕೆಗಳಿಗೆ ಬಂದ ಪ್ರಬಂಧಗಳ ಬಗ್ಗೆ ಪಿಎಚ್.ಡಿ. ವಿದ್ಯಾರ್ಥಿಗಳು ಬರೆಯುವ ಮೊದಮೊದಲ ರಿವ್ಯೂ ವರದಿಗಳಲ್ಲಿ ಪದೇ ಪದೇ ಕಾಣುವ ಸಾಲು ಒಂದಿದೆ: ‘ಸಂಖ್ಯಾಶಾಸ್ತ್ರೀಯ ವಿಶ್ಲೇಷಣೆ ದುರ್ಬಲವಾಗಿದೆ, ಸುಧಾರಿಸಬೇಕು.’ ಇದನ್ನು ಓದಿದ ಲೇಖಕರಿಗೆ ಬೇಸರವಾಗುತ್ತದೆ, ಆದರೆ ಮಾಡಲು ಒಂದು ಕೆಲಸವೂ ಸಿಗುವುದಿಲ್ಲ. ಯಾವ ಕೋಷ್ಟಕ, ಯಾವ ಲೆಕ್ಕ, ಏನು ಬದಲಾಗಬೇಕು ಎಂಬುದು ಅಲ್ಲಿಲ್ಲ. ವರದಿ ತಿದ್ದಲು ಕೂತ ಹಿರಿಯರು ಸಾಮಾನ್ಯವಾಗಿ ‘ದುರ್ಬಲವಾಗಿದೆ’ ಎಂಬುದನ್ನು ಹೊಡೆದು ‘ಇನ್ನಷ್ಟು ಬಲಪಡಿಸಬಹುದು’ ಎಂದು ಬರೆಯುತ್ತಾರೆ. ಮಾತು ಮೆತ್ತಗಾಯಿತು, ಲೇಖಕರು ಮಾತ್ರ ನಿಂತಲ್ಲೇ ನಿಂತರು. ವರದಿ ತಿದ್ದುವುದೆಂದರೆ ಅದರ ಒಂದೊಂದು ಸಾಲನ್ನೂ ಹಿಡಿದುಕೊಂಡು ಮೂಲ ಹಸ್ತಪ್ರತಿಗೆ ವಾಪಸು ಹೋಗುವುದು. ಹಸ್ತಪ್ರತಿಯನ್ನು ತೆರೆಯದೆ ವರದಿಯನ್ನಷ್ಟೇ ತಿದ್ದಿದರೆ ಭಾಷೆ ಸುಧಾರಿಸೀತು, ವಿಮರ್ಶೆ ಸುಧಾರಿಸುವುದಿಲ್ಲ.

ರಿವ್ಯೂಗೆ ಬಂದ ಹಸ್ತಪ್ರತಿ ಗೋಪ್ಯವಾದ್ದರಿಂದ ಇಲ್ಲಿ ಕಲ್ಪಿತ ಉದಾಹರಣೆಯೊಂದನ್ನು ಇಟ್ಟುಕೊಳ್ಳೋಣ. ಕೃಷಿ ವಿಜ್ಞಾನದಲ್ಲಿ ಈ ಮಾದರಿಯ ಪ್ರಬಂಧಗಳು ಬೇಕಾದಷ್ಟು ಬರುತ್ತವೆ. ನಾಟಿ ರಾಗಿಗೆ ಸತುವಿನ ಪ್ರಯೋಗ: ಒಂದೇ ಜಾಗ, ಎರಡು ಮುಂಗಾರು, 7 ಉಪಚಾರ, 3 ಪುನರಾವರ್ತನೆ, ಒಟ್ಟು 21 ತಾಕು. ಮೊದಲ ಉಪಚಾರಕ್ಕೆ ಶಿಫಾರಸು ಮಾಡಿದ ಗೊಬ್ಬರ ಮಾತ್ರ. ಉಳಿದವಕ್ಕೆ ಅದರ ಜೊತೆ ಜಿಂಕ್ ಸಲ್ಫೇಟನ್ನು ಮಣ್ಣಿಗೆ ಕೊಟ್ಟದ್ದು, ಎಲೆಗೆ ಶೇ. 0.5ರ ದ್ರಾವಣವಾಗಿ ಸಿಂಪಡಿಸಿದ್ದು, ಎರಡೂ ಸೇರಿಸಿದ್ದು. ಕಿರಿಯ ರಿವ್ಯೂವರ್ ಬರೆದ ಆಕ್ಷೇಪಗಳು ಹೀಗಿವೆ: ಸಂಖ್ಯಾಶಾಸ್ತ್ರ ದುರ್ಬಲ, ಸರಿಯಾದ ಕಂಟ್ರೋಲ್ ಇಲ್ಲ, ಸಿಂಪರಣೆಯ ಫಲ ನೀರಿನದ್ದೂ ಇರಬಹುದು, ಇನ್ನೂ ಮೂರು ಹಂಗಾಮು ಹಲವು ಜಾಗಗಳಲ್ಲಿ ಮಾಡಬೇಕು, ಕಾಳಿನಲ್ಲಿ ಸತು ಹೆಚ್ಚಾದದ್ದು ನಂಬುವಂತಿಲ್ಲ, ಹೊಸತನವಿಲ್ಲ, ಇಂಗ್ಲಿಷ್ ಕಳಪೆ.

ಮೊದಲ ಆಕ್ಷೇಪದ ಹಿಂದೆ ನಿಜವಾದ ತಪ್ಪೊಂದು ಇದೆ. ವಿದ್ಯಾರ್ಥಿಗೆ ಅದರ ವಾಸನೆ ಬಡಿದಿದೆ, ಹೆಸರಿಟ್ಟು ಹೇಳಲು ಬಂದಿಲ್ಲ. ಗಿಡದ ಎತ್ತರ ಮತ್ತು ತೆಂಡೆಗಳ ಸಂಖ್ಯೆ ಕೊಡುವ ಕೋಷ್ಟಕ 2 ಮತ್ತು 3ರ ಅಡಿಯಲ್ಲಿ n = 15 ಎಂದಿದೆ, ಎರರ್‌ನ ಡಿಗ್ರೀಸ್ ಆಫ್ ಫ್ರೀಡಂ 98 ಎಂದಿದೆ. ಪ್ರತಿ ತಾಕಿನಲ್ಲಿ 5 ಗಿಡಗಳಿಗೆ ಗುರುತು ಕಟ್ಟಿ ಅಳೆಯುವುದು ರೂಢಿ. ಮೂರು ತಾಕಿನ ಐದೈದು ಗಿಡಗಳನ್ನು ಲೇಖಕರು ಹದಿನೈದು ಪುನರಾವರ್ತನೆಗಳೆಂದು ಎಣಿಸಿಬಿಟ್ಟಿದ್ದಾರೆ. 105 ಅಳತೆಗಳಿಂದ 7 ಉಪಚಾರ ಕಳೆದರೆ 98. ಆದರೆ ಗೊಬ್ಬರ ಕೊಟ್ಟದ್ದು ತಾಕಿಗೆ, ಒಂದೊಂದು ಗಿಡಕ್ಕಲ್ಲ. ಒಂದೇ ತಾಕಿನ ಗಿಡಗಳು ಒಂದೇ ಮಣ್ಣು, ಒಂದೇ ತೇವ ಹಂಚಿಕೊಂಡಿರುತ್ತವೆ. ಅವುಗಳ ನಡುವಿನ ಏರುಪೇರು ತಾಕು ತಾಕುಗಳ ನಡುವಿನ ಏರುಪೇರನ್ನು ಹೇಳುವುದಿಲ್ಲ. ಎರರ್ ಡಿಗ್ರಿ 21 ತಾಕುಗಳ ಲೆಕ್ಕದಲ್ಲಿ ಬರಬೇಕಾದ 12ರಿಂದ 98ಕ್ಕೆ ಹೋದಾಗ ಶೇ. 5ರ ಮಟ್ಟದಲ್ಲಿ t ಮೌಲ್ಯ 2.179ರಿಂದ 1.984ಕ್ಕೆ ಇಳಿಯುತ್ತದೆ, ಅಷ್ಟೆ. ಅದು ದೊಡ್ಡ ಹಾನಿಯಲ್ಲ. ತಾಕಿನಿಂದ ತಾಕಿಗಿರುವ ವ್ಯತ್ಯಾಸ ಎರರ್‌ನಲ್ಲಿ ಸರಿಯಾಗಿ ಕಾಣಿಸದೆ ಹೋಗುವುದೇ ದೊಡ್ಡ ಹಾನಿ. ಆಗ ಮಣ್ಣಿನಿಂದ ಬಂದ ಸಣ್ಣ ವ್ಯತ್ಯಾಸವೂ ಸತುವಿನ ಫಲದಂತೆ ತೋರುತ್ತದೆ.

ತಿದ್ದಿದ ಆಕ್ಷೇಪ ಹೀಗಿರಬೇಕು: ‘ಕೋಷ್ಟಕ 2 ಮತ್ತು 3ರಲ್ಲಿ n = 15 ಎಂದಿದೆ. ವಿಧಾನ ಭಾಗದ ಪ್ರಕಾರ ಪ್ರತಿ ಉಪಚಾರಕ್ಕೆ ಇರುವುದು 3 ತಾಕು. ಒಂದು ತಾಕಿನ 5 ಗಿಡಗಳು ಸ್ವತಂತ್ರ ಪುನರಾವರ್ತನೆಗಳಲ್ಲ. ದಯವಿಟ್ಟು ಪ್ರತಿ ತಾಕಿನ 5 ಗಿಡಗಳ ಸರಾಸರಿ ತೆಗೆದು, 21 ಮೌಲ್ಯಗಳ ಮೇಲೆ ಬ್ಲಾಕನ್ನೂ ಸೇರಿಸಿ ವಿಶ್ಲೇಷಣೆಯನ್ನು ಮತ್ತೆ ಮಾಡಿ. ಪ್ರತಿ ಹಂಗಾಮಿಗೆ ಡಿಗ್ರೀಸ್ ಆಫ್ ಫ್ರೀಡಂ ಉಪಚಾರಕ್ಕೆ 6, ಬ್ಲಾಕ್‌ಗೆ 2, ಎರರ್‌ಗೆ 12 ಬರಬೇಕು. ಹೊಸ ಸಿ.ಡಿ.ಯಲ್ಲಿ, ಅಂದರೆ ಎರಡು ಉಪಚಾರಗಳ ಸರಾಸರಿಗಳ ನಡುವೆ ಕನಿಷ್ಠ ಇರಬೇಕಾದ ಕ್ರಿಟಿಕಲ್ ಡಿಫರೆನ್ಸ್‌ನಲ್ಲಿ, ನಿಲ್ಲದ ವ್ಯತ್ಯಾಸಗಳನ್ನು ಫಲಿತಾಂಶ ಭಾಗದಿಂದ ತೆಗೆಯಿರಿ. ಕೋಷ್ಟಕ 4ರ ಇಳುವರಿಯನ್ನು ತಾಕಿಗೊಂದರಂತೆ ತೂಗಿರುವುದರಿಂದ ಅದಕ್ಕೆ ಈ ಆಕ್ಷೇಪ ಅನ್ವಯಿಸುವುದಿಲ್ಲ.’

ಮೂಲ ಸಾಲಿಗಿಂತ ಇದು ಕಠಿಣವಾಗಿದೆ, ಆದರೂ ಹೆಚ್ಚು ನ್ಯಾಯವಾಗಿದೆ. ಲೇಖಕರ ಬಳಿ ಬೇಕಾದ ಅಂಕಿಗಳೆಲ್ಲ ಈಗಾಗಲೇ ಇವೆ, ಹೊಲಕ್ಕೆ ಮತ್ತೆ ಇಳಿಯಬೇಕಿಲ್ಲ. ಸರಿ ಮಾಡಿದ್ದೇನೆಯೇ ಎಂದು ಅವರೇ ನೋಡಿಕೊಳ್ಳಲು 6, 2, 12 ಎಂಬ ಮೂರು ಸಂಖ್ಯೆಗಳೂ ಸಿಕ್ಕಿವೆ. ಕೊನೆಯ ವಾಕ್ಯವನ್ನು ಕಿರಿಯರು ಹೆಚ್ಚಾಗಿ ಬಿಡುತ್ತಾರೆ. ತಪ್ಪು ಎಲ್ಲಿಯವರೆಗೆ ಹಬ್ಬಿದೆ, ಎಲ್ಲಿ ನಿಲ್ಲುತ್ತದೆ ಎಂದು ಹೇಳದಿದ್ದರೆ ಸಂಪಾದಕರು ಇಳುವರಿಯ ಫಲಿತಾಂಶವನ್ನೂ ಅನುಮಾನಿಸುತ್ತಾರೆ. ಈ ಪ್ರಬಂಧದಲ್ಲಿ ಗಟ್ಟಿಯಾಗಿರುವುದು ಅದೇ.

ಎರಡನೆಯ ಆಕ್ಷೇಪ, ಕಂಟ್ರೋಲ್ ಇಲ್ಲ ಎಂಬುದು, ಸುಮ್ಮನೆ ತಪ್ಪು. ಏನೂ ಗೊಬ್ಬರ ಕೊಡದ ತಾಕು ಇಲ್ಲವೆಂದು ವಿದ್ಯಾರ್ಥಿ ಹೀಗೆ ಬರೆದಿದ್ದಾರೆ. ಆದರೆ ಪ್ರಬಂಧದ ಪ್ರಶ್ನೆ ಇರುವುದು ಸತುವಿನ ಬಗ್ಗೆ. ಶಿಫಾರಸು ಮಾಡಿದ ಗೊಬ್ಬರ ಇದ್ದು ಸತು ಇಲ್ಲದ ಮೊದಲ ಉಪಚಾರವೇ ಅದಕ್ಕೆ ಸರಿಯಾದ ಹೋಲಿಕೆ. ಇದನ್ನು ಹೊಡೆದುಹಾಕಬೇಕು, ಹೊಡೆದುಹಾಕಿದ್ದೇಕೆ ಎಂಬುದನ್ನು ವಿದ್ಯಾರ್ಥಿಗೆ ಪಕ್ಕದಲ್ಲಿ ಬರೆಯಬೇಕು. ಇಂಥ ಒಂದು ತಪ್ಪು ಆಕ್ಷೇಪ ಉಳಿದುಕೊಂಡರೆ ಲೇಖಕರು ಉತ್ತರ ಪತ್ರದಲ್ಲಿ ಅದನ್ನೇ ಹಿಡಿದು ಅರ್ಧ ಪುಟ ಬರೆಯುತ್ತಾರೆ. ಆ ಗದ್ದಲದಲ್ಲಿ 98ರ ವಿಷಯ ಮರೆಯಾಗುತ್ತದೆ.

ಮೂರನೆಯದು ತಾತ್ವಿಕವಾಗಿ ಸರಿ, ಪ್ರಮಾಣದಲ್ಲಿ ಕ್ಷುಲ್ಲಕ. ಸಿಂಪಡಿಸಿದ ತಾಕಿಗೆ ನೀರೂ ಬಿದ್ದಿದೆ, ಸಿಂಪಡಿಸದ ತಾಕಿಗೆ ಬಿದ್ದಿಲ್ಲ, ನಿಜ. ಎಷ್ಟು ನೀರು? ಹೆಕ್ಟೇರಿಗೆ 500 ಲೀಟರ್ ಎಂದು ವಿಧಾನ ಭಾಗದಲ್ಲಿದೆ. ಒಂದು ಮಿ.ಮೀ. ಮಳೆ ಎಂದರೆ ಹೆಕ್ಟೇರಿಗೆ 10,000 ಲೀಟರ್. ಈ ಸಿಂಪರಣೆ 0.05 ಮಿ.ಮೀ. ಆಯಿತು, ಇಬ್ಬನಿಯ ಲೆಕ್ಕ. ಬರೀ ನೀರು ಸಿಂಪಡಿಸಿದ ತಾಕೂ ಇದ್ದಿದ್ದರೆ ವಿನ್ಯಾಸ ಅಚ್ಚುಕಟ್ಟಾಗಿರುತ್ತಿತ್ತು ಎಂದು ಸಣ್ಣ ಟಿಪ್ಪಣಿಗಳ ಸಾಲಿಗೆ ಸೇರಿಸಬಹುದು, ಪ್ರಮುಖ ಆಕ್ಷೇಪಗಳಲ್ಲಿ ಇರಕೂಡದು. ‘ಇರಬಹುದು’ ಎಂದು ಮುಗಿಯುವ ಆಕ್ಷೇಪ ಕಂಡಾಗಲೆಲ್ಲ ವಿದ್ಯಾರ್ಥಿಯಿಂದ ಹೀಗೊಂದು ಲೆಕ್ಕ ಮಾಡಿಸಬೇಕು. ಹೆಚ್ಚಿನ ಸಲ ಆಕ್ಷೇಪದ ತೂಕ ಅಲ್ಲೇ ತೀರ್ಮಾನವಾಗುತ್ತದೆ.

ನಾಲ್ಕನೆಯದಕ್ಕೆ ಹೆಚ್ಚು ಹೊತ್ತು ಬೇಕು. ‘ಇನ್ನೂ ಮೂರು ಹಂಗಾಮು ಮಾಡಿ’ ಎನ್ನುವುದು ಲೇಖಕರಿಗೆ ಕೊಟ್ಟ ಕೆಲಸವಲ್ಲ, ಬೇರೆ ಮಾತಿನಲ್ಲಿ ಹೇಳಿದ ತಿರಸ್ಕಾರ. ಹೊಸ ಪ್ರಯೋಗ ಕೇಳುವ ಮೊದಲು ಎರಡು ವಿಷಯ ನೋಡಬೇಕು. ಅದಿಲ್ಲದೆ ಲೇಖಕರ ಯಾವ ವಾಕ್ಯ ಬೀಳುತ್ತದೆ? ಆ ವಾಕ್ಯವನ್ನು ಚಿಕ್ಕದು ಮಾಡಿದರೆ ಪ್ರಬಂಧ ನಿಲ್ಲುತ್ತದೆಯೇ? ಇಲ್ಲಿ ಬೀಳುವುದು ಉಪಸಂಹಾರದ ಒಂದು ವಾಕ್ಯ: ‘ದಕ್ಷಿಣ ಕರ್ನಾಟಕದ ರಾಗಿ ಬೆಳೆಗಾರರೆಲ್ಲರಿಗೂ ಇದನ್ನು ಶಿಫಾರಸು ಮಾಡಬಹುದು.’ ಒಂದು ಜಾಗದ ಪ್ರಯೋಗದಿಂದ ಅಷ್ಟು ದೂರ ಹೋಗಲಾಗದು. ಜೊತೆಗೆ, ಪ್ರಯೋಗಕ್ಕೆ ಮುಂಚೆ ಆ ಮಣ್ಣಿನಲ್ಲಿ ಲಭ್ಯ ಸತು ಎಷ್ಟಿತ್ತು ಎಂಬ ಅಂಕಿಯೇ ಹಸ್ತಪ್ರತಿಯಲ್ಲಿಲ್ಲ. ಡಿಟಿಪಿಎ ವಿಧಾನದಲ್ಲಿ ಕೆ.ಜಿ. ಮಣ್ಣಿಗೆ 0.6 ಮಿ.ಗ್ರಾಂಗಿಂತ ಕಡಿಮೆ ಇದ್ದರೆ ಕೊರತೆ ಎಂದು ನಮ್ಮಲ್ಲಿ ಸಾಮಾನ್ಯವಾಗಿ ಎಣಿಸುತ್ತಾರೆ. ಕೊರತೆಯ ಮಣ್ಣಿನಲ್ಲಿ ಸಿಕ್ಕ ಫಲ ಸತು ಸಾಕಷ್ಟಿರುವ ಮಣ್ಣಿನಲ್ಲಿ ಸಿಗಬೇಕೆಂದಿಲ್ಲ. ಆದ್ದರಿಂದ ಕೇಳಬೇಕಾದ್ದು ಇಷ್ಟು: ಆರಂಭದ ಮಣ್ಣು ಪರೀಕ್ಷೆಯ ಅಂಕಿ ಕೊಡಿ, ಶಿಫಾರಸನ್ನು ಅಂಥ ಮಣ್ಣಿಗೆ ಸೀಮಿತಗೊಳಿಸಿ. ಇದು ಒಂದು ದಿನದ ಕೆಲಸ.

ಕಾಳಿನ ಸತುವನ್ನು ‘ನಂಬುವಂತಿಲ್ಲ’ ಎನ್ನುವುದು ಲೇಖಕರ ಪ್ರಾಮಾಣಿಕತೆಯ ಮೇಲೆ ಬೀಳುವ ಮಾತು. ವರದಿಯಲ್ಲಿ ಅದಕ್ಕೆ ಜಾಗವಿಲ್ಲ. ಅನುಮಾನಕ್ಕೆ ಭೌತಿಕ ಕಾರಣವಿದ್ದರೆ ಅದನ್ನೇ ಬರೆಯಬೇಕು. ಇಲ್ಲಿ ಕಾರಣವಿದೆ: ಎರಡನೆಯ ಸಿಂಪರಣೆ ತೆನೆ ಹೊರಬಂದ ಮೇಲೆ ಆಗಿದೆ, ಕಾಳನ್ನು ವಿಶ್ಲೇಷಣೆಗೆ ಮುಂಚೆ ತೊಳೆದರೋ ಇಲ್ಲವೋ ಎಂದು ಹೇಳಿಲ್ಲ. ಅಳತೆಯಲ್ಲಿ ಬಂದ ಸತು ಕಾಳಿನ ಒಳಗಿನದ್ದೋ ಮೇಲ್ಮೈಗೆ ಅಂಟಿದ್ದೋ ತಿಳಿಯುವುದಿಲ್ಲ. ತಿದ್ದಿದ ಸಾಲು ಲೇಖಕರಿಗೆ ಮೂರು ದಾರಿ ಬಿಡಬೇಕು: ‘ತೊಳೆದಿದ್ದರೆ ವಿಧಾನವನ್ನು ಬರೆಯಿರಿ. ಇಲ್ಲವಾದರೆ, ಉಳಿಸಿಟ್ಟ ಮಾದರಿಗಳಿದ್ದಲ್ಲಿ ಸಿಂಪಡಿಸಿದ ಒಂದು ಉಪಚಾರ ಮತ್ತು ಮೊದಲ ಉಪಚಾರದ ಕಾಳನ್ನು ತೊಳೆದು, ತೊಳೆಯದೆ ಎರಡೂ ರೀತಿ ಅಳೆದು ತೋರಿಸಿ. ಮಾದರಿ ಉಳಿದಿಲ್ಲವಾದರೆ ಈ ಮಿತಿಯನ್ನು ಚರ್ಚೆಯಲ್ಲಿ ಒಪ್ಪಿಕೊಂಡು, ಕಾಳಿನ ಪೌಷ್ಟಿಕತೆ ಹೆಚ್ಚಿತು ಎಂಬ ಮಾತನ್ನು ಶೀರ್ಷಿಕೆಯಿಂದ ತೆಗೆಯಿರಿ.’ ಕೊನೆಯ ದಾರಿ ಇಲ್ಲದಿದ್ದರೆ ಮಾದರಿ ಕಳೆದುಕೊಂಡ ಲೇಖಕರು ಸಿಕ್ಕಿಬೀಳುತ್ತಾರೆ.

ಹೊಸತನವಿಲ್ಲ ಎನ್ನುವ ಆಕ್ಷೇಪಕ್ಕೆ ‘ಯಾವ ಪ್ರಬಂಧದಲ್ಲಿ ಆಗಿಹೋಗಿದೆ?’ ಎಂದು ವಿದ್ಯಾರ್ಥಿಯನ್ನು ಕೇಳಿದರೆ ಸಾಕು. ಹೆಸರು ಬಂದರೆ ಅದನ್ನು ಕೊಟ್ಟು, ಅದಕ್ಕಿಂತ ಇದು ಹೇಗೆ ಭಿನ್ನ ಎಂದು ಪೀಠಿಕೆಯಲ್ಲಿ ಹೇಳಲು ಲೇಖಕರನ್ನು ಕೇಳಬಹುದು. ಬರದಿದ್ದರೆ ಸಾಲು ಹೋಗಬೇಕು. ಬಂದ ಹೆಸರುಗಳೆಲ್ಲ ವಿದ್ಯಾರ್ಥಿಯ ಗೈಡ್ ಬರೆದ ಪ್ರಬಂಧಗಳೇ ಆದರೆ ಇನ್ನೂ ಹುಷಾರಾಗಿರಬೇಕು. ಉಲ್ಲೇಖ ಗಿಟ್ಟಿಸಿಕೊಳ್ಳುವ ಪ್ರಯತ್ನದಂತೆ ಅದು ಕಾಣುತ್ತದೆ. ಇಂಗ್ಲಿಷ್ ಕಳಪೆ ಎಂಬುದರ ಜಾಗದಲ್ಲಿ ಅರ್ಥ ಕೆಟ್ಟ ಕಡೆಗಳನ್ನು ತೋರಿಸಬೇಕು. ಈ ಹಸ್ತಪ್ರತಿಯಲ್ಲಿ ‘50 ದಿನಕ್ಕೆ ಸಿಂಪಡಿಸಲಾಯಿತು’ ಎಂದಿದೆ. ಬಿತ್ತನೆಯಿಂದಲೋ ನಾಟಿಯಿಂದಲೋ? ನಾಟಿ ರಾಗಿಯಲ್ಲಿ ಸಸಿಮಡಿಯ ಸುಮಾರು ಮೂರು ವಾರದ ವ್ಯತ್ಯಾಸ ಅದು, ಬೆಳೆಯ ಹಂತವೇ ಬದಲಾಗುತ್ತದೆ. ವ್ಯಾಕರಣ ತಪ್ಪಿದ್ದರೂ ಅರ್ಥ ಸ್ಪಷ್ಟವಿರುವ ವಾಕ್ಯಗಳನ್ನು ರಿವ್ಯೂವರ್ ಎಣಿಸುತ್ತಾ ಕೂರಬೇಕಿಲ್ಲ.

ಇಷ್ಟನ್ನೂ ಹಿರಿಯರೇ ಬರೆದುಕೊಟ್ಟರೆ ವಿದ್ಯಾರ್ಥಿ ಕಲಿಯುವುದಿಲ್ಲ. ಮೊದಲ ಆಕ್ಷೇಪವನ್ನು ಮಾದರಿಯಾಗಿ ಪೂರ್ತಿ ತಿದ್ದಿ, ಉಳಿದವುಗಳ ಪಕ್ಕದಲ್ಲಿ ‘ಯಾವ ಕೋಷ್ಟಕ?’, ‘ಎಷ್ಟು ಲೀಟರ್?’, ‘ಮಾದರಿ ಇಲ್ಲದಿದ್ದರೆ?’ ಎಂದು ಪ್ರಶ್ನೆಗಳನ್ನಷ್ಟೇ ಬರೆದು ವಾಪಸು ಕೊಡುವುದು ಒಳ್ಳೆಯದು. ವರದಿಯ ಕೊನೆಯಲ್ಲಿ ‘ತಿರಸ್ಕರಿಸಬೇಕು’ ಎಂಬ ಸಾಲಿದ್ದರೆ ಅದನ್ನು ಸಂಪಾದಕರಿಗೆ ಮಾತ್ರ ಕಾಣುವ ಜಾಗಕ್ಕೆ ಸರಿಸಬೇಕು; ತೀರ್ಮಾನ ಅವರದ್ದು. ಆದರೆ ಲೇಖಕರಿಗೆ ಸಣ್ಣಪುಟ್ಟ ತಿದ್ದುಪಡಿ ಎಂದು ಬರೆದು ಸಂಪಾದಕರಿಗೆ ಗುಟ್ಟಾಗಿ ತಿರಸ್ಕಾರ ಸೂಚಿಸುವುದು ನ್ಯಾಯವಲ್ಲ, ಎರಡೂ ಕಡೆ ಮಾತು ಒಂದೇ ಇರಬೇಕು. ಹಸ್ತಪ್ರತಿಯನ್ನು ವಿದ್ಯಾರ್ಥಿಗೆ ತೋರಿಸುವ ಮೊದಲೇ ಸಂಪಾದಕರ ಅನುಮತಿ ಪಡೆಯಬೇಕು, ವರದಿ ಕಳಿಸುವಾಗ ವಿದ್ಯಾರ್ಥಿಯ ಹೆಸರನ್ನೂ ತಿಳಿಸಬೇಕು. ಪ್ರಕಟಣಾ ನೀತಿಗಾಗಿ ಇರುವ ಅಂತರರಾಷ್ಟ್ರೀಯ ಸಮಿತಿ ‘ಕೋಪ್’ ರಿವ್ಯೂವರ್‌ಗಳಿಗೆ ಕೊಟ್ಟಿರುವ ಮಾರ್ಗಸೂಚಿಯಲ್ಲೂ ಇದೇ ಇದೆ.

ಪ್ರತಿ ಆಕ್ಷೇಪಕ್ಕೂ ಕ್ರಮಸಂಖ್ಯೆ ಕೊಟ್ಟು ಕಳಿಸಿದರೆ ಎರಡನೇ ಸುತ್ತು ಹಗುರಾಗುತ್ತದೆ. ಪರಿಷ್ಕೃತ ಪ್ರತಿ ಬಂದಾಗ ವಿದ್ಯಾರ್ಥಿ ಮೊದಲು ಕೋಷ್ಟಕ 2ರ ಅಡಿಯಲ್ಲಿ 12 ಇದೆಯೇ ಎಂದು ನೋಡಬೇಕು. ಆಮೇಲೆ ಹೊಸ ಸಿ.ಡಿ. ಬಂದ ನಂತರವೂ ಫಲಿತಾಂಶದ ಪಠ್ಯ ಹಳೆಯದೇ ಉಳಿದಿದೆಯೇ ಎಂದು ಹುಡುಕಬೇಕು. ಲೇಖಕರು ಕೋಷ್ಟಕ ಬದಲಿಸಿ ಪಠ್ಯ ಬದಲಿಸಲು ಮರೆಯುವುದು ಬಹಳ ಸಾಮಾನ್ಯ. ಮೊದಲ ಸುತ್ತಿನಲ್ಲೇ ಕಣ್ಣಿಗೆ ಬೀಳಬೇಕಾಗಿದ್ದ ಹೊಸ ಬೇಡಿಕೆಗಳನ್ನು ಈ ಸುತ್ತಿನಲ್ಲಿ ಎತ್ತಬಾರದು. ಮರುವಿಶ್ಲೇಷಣೆಯಿಂದಲೇ ಹುಟ್ಟಿದ ಪ್ರಶ್ನೆಗಳನ್ನು, ಮತ್ತು ಮುಖ್ಯ ತೀರ್ಮಾನವನ್ನೇ ಬೀಳಿಸುವಷ್ಟು ಗಂಭೀರವಾದ ತಪ್ಪು ತಡವಾಗಿ ಕಂಡರೆ ಅದನ್ನು, ಮೊದಲು ಗಮನಿಸಲಿಲ್ಲವೆಂದು ಒಪ್ಪಿಕೊಂಡೇ ಬರೆಯಬಹುದು.