ಶೇ. 95 ಯಾರ ಗುಣ? ವಿಶ್ವಾಸಾಂತರದ ಹಿನ್ನೆಲೆ

ಸಣ್ಣ ಮಾದರಿಯಲ್ಲಿ ಕಂಡ ಅನುಪಾತದಿಂದ ಇಡೀ ಸಮಷ್ಟಿಯ ಅನುಪಾತವನ್ನು ಅಂದಾಜಿಸಿ, ಅದರ ಎರಡೂ ಬದಿಗೆ ಮಿತಿ ಹಾಕುವ ಕ್ರಮ 19ನೇ ಶತಮಾನದ ಆರಂಭದಲ್ಲಿ ಫ್ರೆಂಚ್ ಗಣಿತಜ್ಞ ಲಾಪ್ಲಾಸ್‌ನ ಬರಹಗಳಲ್ಲೇ ಇದೆ. ಆ ಮಿತಿಗಳ ನಡುವಿನ ವ್ಯಾಪ್ತಿಯೇ ವಿಶ್ವಾಸಾಂತರ. ಮಾದರಿಯ ಅನುಪಾತ p, ಗಾತ್ರ n ಆದರೆ ಶೇ. 95ರ ವಿಶ್ವಾಸಾಂತರಕ್ಕೆ ಇಂದಿಗೂ ಮೊದಲು ಕಲಿಸುವ ಸೂತ್ರ ಇದು:

p ± 1.96 × √(p(1 − p)/n)

ಇಪ್ಪತ್ತು ಬಿಡಿಭಾಗಗಳನ್ನು ಪರೀಕ್ಷಿಸಿದಾಗ ಒಂದು ದೋಷಯುಕ್ತವಾಗಿತ್ತು ಎಂದಿಟ್ಟುಕೊಳ್ಳೋಣ. p ಎಂದರೆ 0.05, ಸೂತ್ರ ಕೊಡುವ ಅಂತರ −0.046ರಿಂದ 0.146. ಅನುಪಾತ ಋಣಾತ್ಮಕವಾಗಲು ಸಾಧ್ಯವಿಲ್ಲ, ಆದರೂ ಹಲವರು ಆ ತುದಿಯನ್ನು ಸೊನ್ನೆಗೆ ಕತ್ತರಿಸಿ ಮುಂದೆ ಹೋಗುತ್ತಾರೆ. ನನ್ನ ದೃಷ್ಟಿಯಲ್ಲಿ ಅದು ರೋಗಲಕ್ಷಣವನ್ನು ಮುಚ್ಚುವ ಕೆಲಸ.

1927ರಲ್ಲಿ ಅಮೆರಿಕದ ಗಣಿತಜ್ಞ ಎಡ್ವಿನ್ ವಿಲ್ಸನ್ ಪ್ರಶ್ನೆಯನ್ನೇ ತಿರುಗಿಸಿದರು. ಏರುಪೇರಿನ ಅಳತೆಯನ್ನು, ಅಂದರೆ ಪ್ರಮಾಣಿತ ದೋಷವನ್ನು, ಮಾದರಿಯ ಅನುಪಾತದಿಂದಲ್ಲ, ನಿಜವಿರಬಹುದೆಂದು ಪರಿಶೀಲಿಸುತ್ತಿರುವ ಅನುಪಾತದಿಂದಲೇ ಲೆಕ್ಕ ಹಾಕಬೇಕು. ಹಾಗೆ ಹಾಕಿದಾಗ ನಮ್ಮ ಮಾದರಿಯಿಂದ 1.96 ಪ್ರಮಾಣಿತ ದೋಷಗಳೊಳಗೆ ಉಳಿಯುವ ಅನುಪಾತಗಳೆಲ್ಲ ಅಂತರಕ್ಕೆ ಸೇರುತ್ತವೆ. ಅದೇ ಇಪ್ಪತ್ತಕ್ಕೆ ಒಂದರ ಉದಾಹರಣೆಯಲ್ಲಿ ವಿಲ್ಸನ್ ಅಂತರ 0.009ರಿಂದ 0.236.

ಶೇ. 95ರ ಅರ್ಥ ಸ್ಪಷ್ಟವಾದದ್ದು 1930ರ ದಶಕದಲ್ಲಿ, ಸಂಖ್ಯಾಶಾಸ್ತ್ರಜ್ಞ ಯೆರ್ಜಿ ನೇಯ್ಮನ್ ಅವರಿಂದ. 1934ರಲ್ಲಿ ರಾಯಲ್ ಸ್ಟಾಟಿಸ್ಟಿಕಲ್ ಸೊಸೈಟಿಯ ಮುಂದೆ ಅವರು ಪ್ರಬಂಧ ಮಂಡಿಸಿದಾಗ, ಈ ‘ವಿಶ್ವಾಸ’ ಮೋಸದ ಚಮತ್ಕಾರವಲ್ಲವೇ ಎಂದು ಬ್ರಿಟಿಷ್ ಸಂಖ್ಯಾಶಾಸ್ತ್ರಜ್ಞ ಆರ್ಥರ್ ಬೌಲಿ ಸಂದೇಹಪಟ್ಟರು. ನೇಯ್ಮನ್ ಅವರ ನಿಲುವಿನಲ್ಲಿ ನಿಜವಾದ ಅನುಪಾತ ಸ್ಥಿರ, ಮಾದರಿಯಿಂದ ಮಾದರಿಗೆ ಬದಲಾಗುವುದು ಅಂತರ. ಹಾಗಾಗಿ ಶೇ. 95 ಎಂಬುದು ಕೈಗೆ ಬಂದ ಒಂದು ಅಂತರದ ಗುಣವಲ್ಲ, ಅಂತರ ಕಟ್ಟುವ ವಿಧಾನದ ಗುಣ: ಮತ್ತೆ ಮತ್ತೆ ಮಾದರಿ ತೆಗೆದರೆ ಸುಮಾರು ಶೇ. 95 ಸಲ ಅಂತರವು ನಿಜವಾದ ಅನುಪಾತವನ್ನು ಒಳಗೊಳ್ಳುತ್ತದೆ.

ಹಾಗೆ ಓದಿದರೆ ವಿಧಾನವನ್ನು ಪರೀಕ್ಷೆಗೆ ಒಡ್ಡಬಹುದು. ನಿಜವಾದ ದೋಷದ ಅನುಪಾತ 0.05 ಇದ್ದರೆ, ಇಪ್ಪತ್ತರಲ್ಲಿ ಒಂದೂ ದೋಷ ಕಾಣದಿರುವ ಸಂಭವನೀಯತೆ ಶೇ. 36ರಷ್ಟು. ಆಗ ಹಳೆಯ ಸೂತ್ರದ ಎರಡೂ ತುದಿಗಳು ಸೊನ್ನೆಗೆ ಕುಸಿಯುತ್ತವೆ, ಅಂತರ ನಿಜವನ್ನು ತಪ್ಪಿಸುತ್ತದೆ. ಎಲ್ಲ ಸಾಧ್ಯತೆಗಳನ್ನೂ ಕೂಡಿಸಿದರೆ ಅದು ನಿಜವನ್ನು ಹಿಡಿಯುವುದು ಶೇ. 64 ಸಲ ಮಾತ್ರ. ವಿಲ್ಸನ್ ಅಂತರ ಶೇ. 92 ಸಲ. ಮಾದರಿ ದೊಡ್ಡದಾದರೂ ಹಳೆಯ ಸೂತ್ರ ಅನಿರೀಕ್ಷಿತವಾಗಿ ಎಡವುತ್ತದೆ ಎಂದು 2001ರಲ್ಲಿ ಬ್ರೌನ್, ಕಾಯ್ ಮತ್ತು ದಾಸ್‌ಗುಪ್ತ ವಿವರವಾಗಿ ತೋರಿಸಿದರು.

ಆದ್ದರಿಂದ ‘ಅನುಪಾತವು 0.009 ಮತ್ತು 0.236ರ ನಡುವೆ ಇರುವ ಸಂಭವನೀಯತೆ ಶೇ. 95’ ಎಂದು ಬರೆಯುವುದು ತಪ್ಪು. ಹಾಗೆ ಹೇಳಲು ಅನುಪಾತದ ಬಗ್ಗೆ ಮೊದಲೇ ಒಂದು ಸಂಭವನೀಯತಾ ಹಂಚಿಕೆಯನ್ನು ಒಪ್ಪಿಕೊಂಡಿರಬೇಕು. ‘ಸುಮಾರು ಶೇ. 95 ಸಲ ನಿಜವನ್ನು ಒಳಗೊಳ್ಳುವ ವಿಧಾನದಿಂದ ಈ ಅಂತರ ದೊರೆತಿದೆ’ ಎಂದರೆ ಸರಿ, ಅದೂ ಬಿಡಿಭಾಗಗಳನ್ನು ಯಾದೃಚ್ಛಿಕವಾಗಿ ಆರಿಸಿದ್ದರೆ ಮಾತ್ರ. ಹೊರನೋಟಕ್ಕೆ ಚೆನ್ನಾಗಿ ಕಂಡವನ್ನೇ ಪರೀಕ್ಷೆಗೆ ಎತ್ತಿಕೊಂಡಿದ್ದರೆ, ಆ ಪಕ್ಷಪಾತದ ಸುಳಿವು ಯಾವ ಸೂತ್ರದ ಅಂತರದಲ್ಲೂ ಸಿಗುವುದಿಲ್ಲ.